ಸ್ಟಾಪ್‌ಲಾಸ್ ಟ್ರಿಗರ್ ಆಯ್ತು, ಷೇರು ಮಾತ್ರ ಹೋಗ್ಲಿಲ್ಲ

"ಮಗಾ, ಸ್ಟಾಪ್‌ಲಾಸ್ ಹಾಕಿದ್ದೆ ಕಣೋ, ಆದ್ರೂ ಸೇಲ್ ಆಗ್ಲಿಲ್ಲ. ಆ್ಯಪ್ ಹ್ಯಾಂಗ್ ಆಗಿರ್ಬೇಕು." ಹಾಸ್ಟೆಲ್‌ನಲ್ಲಿ ಮಾರ್ಕೆಟ್ ಬಿದ್ದ ದಿನ ಈ ಡೈಲಾಗ್ ಒಂದಲ್ಲ ಒಂದು ರೂಮಿನಿಂದ ಕೇಳಿಸುತ್ತೆ. ಕೆಲವೊಮ್ಮೆ ಆ್ಯಪ್ ಕೈಕೊಡೋದು ನಿಜ. ಆದರೆ ಬಹಳ ಸಲ ಆ್ಯಪ್ ಸರಿಯಾಗೇ ಕೆಲಸ ಮಾಡಿರುತ್ತೆ. ನಾವು ಹೇಳಿದ್ದನ್ನೇ ಅದು ಮಾಡಿರುತ್ತೆ, ನಾವು ಏನು ಹೇಳಿದ್ವಿ ಅನ್ನೋದು ಮಾತ್ರ ನಮಗೆ ಗೊತ್ತಿರೋಲ್ಲ.

ಆರ್ಡರ್ ಹಾಕುವ ಸ್ಕ್ರೀನ್‌ನಲ್ಲಿ `SL` ಮತ್ತು `SL-M` ಅಂತ ಎರಡು ಬಟನ್ ಇರುತ್ತವೆ. `SL` ಅಂದರೆ ಸ್ಟಾಪ್-ಲಿಮಿಟ್, `SL-M` ಅಂದರೆ ಸ್ಟಾಪ್-ಮಾರ್ಕೆಟ್. ಎರಡಕ್ಕೂ ಟ್ರಿಗರ್ ಬೆಲೆ ಕೊಡಬೇಕು. `SL`ಗೆ ಅದರ ಜೊತೆ ಲಿಮಿಟ್ ಬೆಲೆಯನ್ನೂ ಕೊಡಬೇಕು. ನಮ್ಮ ಭಾಷೆಯಲ್ಲಿ ಬರೆದರೆ ಇಷ್ಟೇ:

```
if (LTP <= trigger)
    send(SELL, qty, limit);
```

ಗಮನಿಸಿ, ಇಲ್ಲಿ `while` ಇಲ್ಲ. ಕೊನೆಯ ವಹಿವಾಟಿನ ಬೆಲೆ ಟ್ರಿಗರ್ ಮುಟ್ಟಿದಾಗ ಒಂದೇ ಒಂದು ಸಲ ಆರ್ಡರ್ ಎಕ್ಸ್‌ಚೇಂಜಿನ ಸಾಲಿಗೆ ಹೋಗುತ್ತೆ, ಅಷ್ಟೇ. ಅದು ಮಾರಾಟ ಆಯ್ತಾ ಅಂತ ನೋಡೋದು, ಆಗದಿದ್ದರೆ ಬೆಲೆ ಇಳಿಸಿ ಮತ್ತೆ ಪ್ರಯತ್ನಿಸೋದು, ಇದ್ಯಾವುದೂ ಇದರ ಕೆಲಸ ಅಲ್ಲ. ಟ್ರಿಗರ್ ಆಗೋದು ಬೇರೆ, ಮಾರಾಟ ಆಗೋದು ಬೇರೆ.

ಒಂದು ಲೆಕ್ಕ ಹಾಕೋಣ. ನಾನೇ ಮಾಡಿಕೊಂಡ ಉದಾಹರಣೆ ಇದು. ಒಂದು ಷೇರನ್ನ 520 ರೂಪಾಯಿಗೆ 100 ತಗೊಂಡಿದ್ದೀರಿ. 500ಕ್ಕೆ ಬಂದರೆ ಹೊರಗೆ ಬರಬೇಕು, ಅಂದರೆ 2,000 ರೂಪಾಯಿಗಿಂತ ಜಾಸ್ತಿ ಕಳೆದುಕೊಳ್ಳೋಕೆ ಇಷ್ಟ ಇಲ್ಲ. `SL` ಆರಿಸಿ ಟ್ರಿಗರ್ 500, ಲಿಮಿಟ್ 499 ಅಂತ ಹಾಕಿದ್ದೀರಿ. ಆ ಕ್ಷಣದಲ್ಲಿ ಕೊಳ್ಳುವವರ ಸಾಲು ಹೀಗಿದೆ: 501ಕ್ಕೆ 600 ಷೇರು, 500ಕ್ಕೆ 900, 499ಕ್ಕೆ 400, 498ಕ್ಕೆ 700, 496ಕ್ಕೆ 1,200, 493ಕ್ಕೆ 2,000.

ಈಗ ಯಾರೋ ದೊಡ್ಡವರು 3,000 ಷೇರನ್ನ ಮಾರ್ಕೆಟ್ ಆರ್ಡರ್‌ನಲ್ಲಿ ಎಸೀತಾರೆ. 501ರ ಸಾಲು ಖಾಲಿ, 500 ಖಾಲಿ, 499 ಖಾಲಿ, 498 ಖಾಲಿ, 496ರಲ್ಲಿ 400 ಹೋಯ್ತು. ಇದೆಲ್ಲ ಕಣ್ಣು ಮಿಟುಕಿಸೋದಕ್ಕಿಂತ ಮುಂಚೆ. ನಿಮ್ಮ ಟ್ರಿಗರ್ ಆಯ್ತು, ಆರ್ಡರ್ ಸಾಲಿಗೆ ಬಂತು, "499ಕ್ಕಿಂತ ಕಮ್ಮಿಗೆ ಕೊಡೋಲ್ಲ" ಅಂತ ನಿಂತಿತು. ಆದರೆ ಈಗ ಇರುವ ಅತಿ ಹೆಚ್ಚಿನ ಬೆಲೆಯ ಗಿರಾಕಿಯೇ 496ರಲ್ಲಿದ್ದಾನೆ. ನಿಮ್ಮ 100 ಷೇರು ಅಲ್ಲೇ ಕೂತಿತು. ಮಧ್ಯಾಹ್ನಕ್ಕೆ ಬೆಲೆ 470 ಆದರೆ ನಷ್ಟ 5,000, ಷೇರು ಇನ್ನೂ ನಿಮ್ಮ ತಲೆ ಮೇಲೇ.

ಅದೇ `SL-M` ಆಗಿದ್ದರೆ? 496ಕ್ಕೆ ಹೋಗ್ತಿತ್ತು, ನಷ್ಟ 2,400. ಆದರೆ ಇಲ್ಲೂ ಒಂದು ಸಂಗತಿ ಇದೆ. 500 ಅನ್ನೋದು ದುಂಡು ಸಂಖ್ಯೆ, ಅಲ್ಲೇ ಟ್ರಿಗರ್ ಇಟ್ಟವರು ನೀವೊಬ್ಬರೇ ಅಲ್ಲ. ಅವರ ಸ್ಟಾಪ್‌ಗಳೂ ಒಟ್ಟಿಗೇ ಟ್ರಿಗರ್ ಆಗಿ ಮಾರುವವರ ಸಂಖ್ಯೆಯನ್ನ ಇನ್ನೂ ಹೆಚ್ಚಿಸುತ್ತವೆ. ನಿಮಗಿಂತ ಮುಂದೆ 900 ಷೇರಿನ `SL-M` ಇದ್ದರೆ 496ರಲ್ಲಿ ಉಳಿದಿದ್ದ 800 ಅವರಿಗೇ ಸಾಲದು, ನಿಮ್ಮದು 493ಕ್ಕೆ ಹೋಗುತ್ತೆ. ಬೀಳುವ ಬೆಲೆಯನ್ನ ಇನ್ನಷ್ಟು ಬೀಳಿಸೋದು ಈ ಸ್ಟಾಪ್‌ಗಳ ಸರಪಳಿ.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಲಿಮಿಟ್ ಬೆಲೆಯದ್ದು. ಲಿಮಿಟ್ 490 ಅಂತ ಹಾಕಿದರೆ 490ಕ್ಕೇ ಮಾರಾಟ ಆಗಿಬಿಡುತ್ತೆ ಅಂತ ಹೆದರಿ 499 ಹಾಕ್ತಾರೆ. ಹಾಗಲ್ಲ. ಲಿಮಿಟ್ ಅಂದರೆ ನಾವು ಒಪ್ಪುವ ಅತಿ ಕೆಟ್ಟ ಬೆಲೆ. ಅದಕ್ಕಿಂತ ಒಳ್ಳೆ ಬೆಲೆಗೆ ಗಿರಾಕಿ ಇದ್ದರೆ ಎಕ್ಸ್‌ಚೇಂಜ್ ಮೊದಲು ಅವನಿಗೇ ಜೋಡಿಸುತ್ತೆ. ಮೇಲಿನ ಉದಾಹರಣೆಯಲ್ಲಿ ಟ್ರಿಗರ್ 500, ಲಿಮಿಟ್ 490 ಇದ್ದಿದ್ದರೆ `SL` ಆರ್ಡರ್ ಕೂಡ 496ಕ್ಕೋ 493ಕ್ಕೋ ಹೋಗ್ತಿತ್ತು, `SL-M` ಹಾಗೇ. ಮಾರ್ಕೆಟ್ ಶಾಂತವಾಗಿದ್ದಾಗ ಈ ಅಂತರ ದೊಡ್ಡದಿಟ್ಟರೆ ನಮಗೆ ಏನೂ ಖರ್ಚಿಲ್ಲ, ಬಿದ್ದಾಗ ಮಾತ್ರ ಅದು ಕೆಲಸಕ್ಕೆ ಬರೋದು. ಎಷ್ಟು ಇಡಬೇಕು ಅಂದರೆ, ಆ ಷೇರು ಜೋರಾಗಿ ಬಿದ್ದ ದಿನದ ಒಂದು ನಿಮಿಷದ ಚಾರ್ಟ್ ತೆಗೆದು ಒಂದೊಂದು ಕ್ಯಾಂಡಲ್ ಎಷ್ಟು ಉದ್ದ ಇದೆ ನೋಡಿ. ಒಂದೇ ನಿಮಿಷದಲ್ಲಿ 6 ರೂಪಾಯಿ ಇಳಿದ ಷೇರಿಗೆ 1 ರೂಪಾಯಿ ಅಂತರ ಯಾವ ಮೂಲೆಗೆ?

ಹಾಗಾದ್ರೆ ಲಿಮಿಟ್ ಯಾಕೆ ಬೇಕು, ಯಾವಾಗಲೂ `SL-M` ಹಾಕಿದರಾಯ್ತಲ್ಲ? ಇದಕ್ಕೆ 2021ರ ಆಗಸ್ಟ್ 20 ಉತ್ತರ. ಅವತ್ತು ನಿಫ್ಟಿ 16450 ಕಾಲ್ ಆಪ್ಷನ್, ನೂರು ಚಿಲ್ಲರೆ ರೂಪಾಯಿಯಲ್ಲಿ ಇದ್ದದ್ದು, ಕ್ಷಣಮಾತ್ರಕ್ಕೆ 800 ದಾಟಿ ವಾಪಸ್ ಬಂತು. ನಿಫ್ಟಿ ಹಾಗೇನೂ ಜಿಗಿದಿರಲಿಲ್ಲ, ಸಾಲು ಖಾಲಿಯಾಗಿತ್ತು ಅಷ್ಟೇ. ಮಾರ್ಕೆಟ್ ಆರ್ಡರ್ "ಯಾವ ಬೆಲೆಯಾದರೂ ಸರಿ" ಅನ್ನುತ್ತೆ, ಸಾಲಲ್ಲಿ ಸಿಕ್ಕಿದ್ದು 800 ಆದರೆ 800. ಇಲ್ಲಿ ದಿಕ್ಕು ಮೇಲಕ್ಕೆ, ಆಪ್ಷನ್ ಮಾರಿ ಕೂತವರ ಕೊಳ್ಳುವ ಸ್ಟಾಪ್‌ಗಳು ಸಿಕ್ಕಿಹಾಕಿಕೊಂಡವು. ಬೀಳುವಾಗಲೂ ತರ್ಕ ಅದೇ. ಮುಂದಿನ ತಿಂಗಳು, ಸೆಪ್ಟೆಂಬರ್ 27ರಿಂದ, ಎನ್‌ಎಸ್‌ಇ ಆಪ್ಷನ್‌ಗಳಲ್ಲಿ `SL-M` ಅನ್ನೇ ನಿಲ್ಲಿಸಿತು. ಬಿಎಸ್‌ಇ 2023ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಅಂದರೆ ಆಪ್ಷನ್ ಆಡುವ ನಮ್ಮ ಹುಡುಗರಿಗೆ ಈಗ ಇರೋದು `SL` ಒಂದೇ, ಲಿಮಿಟ್‌ನ ಅಂತರ ಅವರೇ ಯೋಚಿಸಿ ಇಡಬೇಕು. ಆಪ್ಷನ್ ಬೆಲೆ ಷೇರಿಗಿಂತ ಎಷ್ಟೋ ಪಟ್ಟು ವೇಗವಾಗಿ ಓಡೋದರಿಂದ ಮಾರಾಟ ಆಗದೆ ಉಳಿಯೋದು ಅಲ್ಲೇ ಜಾಸ್ತಿ.

ರಾತ್ರೋರಾತ್ರಿ ಬೀಳೋದು ಇನ್ನೊಂದು ಕಥೆ. 2020ರ ಮಾರ್ಚ್ 5ರ ಸಂಜೆ ರಿಸರ್ವ್ ಬ್ಯಾಂಕು ಯೆಸ್ ಬ್ಯಾಂಕ್ ಮೇಲೆ ನಿರ್ಬಂಧ ಹಾಕಿತು, 50,000ಕ್ಕಿಂತ ಹೆಚ್ಚು ಹಣ ತೆಗೆಯುವಂತಿಲ್ಲ ಅಂತ. ಆ ದಿನ 36 ರೂಪಾಯಿ ಚಿಲ್ಲರೆಗೆ ಮುಗಿದಿದ್ದ ಷೇರು ಮರುದಿನ ಕೆಳಗೇ ಶುರುವಾಗಿ ಸುಮಾರು 16ಕ್ಕೆ ಮುಗಿಯಿತು. ಟ್ರಿಗರ್ 35.50, ಲಿಮಿಟ್ 35 ಅಂತ ಆರ್ಡರ್ ಇಟ್ಟುಕೊಂಡವನನ್ನ ಊಹಿಸಿ. ಮೊದಲ ವಹಿವಾಟಿಗೇ ಟ್ರಿಗರ್ ಆಯ್ತು, 35 ಕೊಡುವವರು ಇಡೀ ದಿನ ಬರಲಿಲ್ಲ. ಅರ್ಧಕ್ಕಿಂತ ಹೆಚ್ಚು ಹಣ ಹೋಗುವಾಗ ಆರ್ಡರ್ ಸುಮ್ಮನೆ ಸಾಲಲ್ಲಿ ನಿಂತಿರುತ್ತೆ. ಅಂದಹಾಗೆ ಸಣ್ಣ ಕಂಪನಿಗಳ ಷೇರು ಲೋವರ್ ಸರ್ಕ್ಯೂಟ್‌ಗೆ ಬಿದ್ದು ಕೊಳ್ಳುವವರೇ ಇಲ್ಲ ಅಂದಾಗ `SL-M` ಕೂಡ ಏನೂ ಮಾಡೋಲ್ಲ. ಯಾರೂ ಕೊಳ್ಳದ ಕಡೆ ಮಾರೋದು ಯಾವ ಆರ್ಡರ್‌ಗೂ ಸಾಧ್ಯ ಇಲ್ಲ.

ಹೊರಗೆ ಬಂದಿದ್ದೀವಾ ಇಲ್ವಾ ಅಂತ ತಿಳಿಯೋದು ಸುಲಭ. ಆರ್ಡರ್ ಲಿಸ್ಟ್‌ನಲ್ಲಿ `TRIGGER PENDING` ಅಂತ ಇದ್ದರೆ ಇನ್ನೂ ಕಾಯ್ತಾ ಇದೆ. ಟ್ರಿಗರ್ ಮೇಲೆ `OPEN` ಅಂತ ಬಂದು ಹಾಗೇ ನಿಂತರೆ ಮಾರಾಟ ಆಗಿಲ್ಲ. `COMPLETE` ಬರೋವರೆಗೆ ನೀವು ಒಳಗೇ ಇದ್ದೀರಿ. ಮೊಬೈಲಿಗೆ ಬರುವ "ಟ್ರಿಗರ್ ಆಗಿದೆ" ಅನ್ನೋ ಮೆಸೇಜ್ ನೋಡಿ ಕ್ಲಾಸಿಗೆ ಹೋಗಿಬಿಡೋದು ಇಲ್ಲೇ ಅಪಾಯ. `OPEN` ಕಂಡರೆ ಅದೇ ಆರ್ಡರ್‌ಗೆ ಮಾಡಿಫೈ ಒತ್ತಿ, ಲಿಮಿಟ್ ಅನ್ನ ಈಗಿನ ಕೊಳ್ಳುವ ಬೆಲೆಗಿಂತ ಸ್ವಲ್ಪ ಕೆಳಗೆ ಇಳಿಸಿ. ಗಾಬರಿಯಲ್ಲಿ ಹೊಸ ಮಾರಾಟದ ಆರ್ಡರ್ ಹಾಕಬೇಡಿ. ಹೊಸದು ಹೋಗಿ ಬೆಲೆ ಮತ್ತೆ 499ಕ್ಕೆ ಪುಟಿದರೆ ಹಳೆಯದೂ ಮಾರಾಟ ಆಗುತ್ತೆ. ಇಂಟ್ರಾಡೇನಲ್ಲಿ ಆಗ ನಿಮ್ಮ ಹತ್ತಿರ ಇಲ್ಲದ 100 ಷೇರನ್ನ ನೀವು ಮಾರಿ ಕೂತಿರುತ್ತೀರಿ, ಅದೂ ಬೆಲೆ ಏರುತ್ತಿರುವ ಹೊತ್ತಲ್ಲಿ.