ಹಾಳೆಯಲ್ಲಿ 30 ಬಾರ್, ಹಾಡಿನಲ್ಲಿ 50

ಬ್ಯಾಂಡಿಗೆ ಹೊಸದಾಗಿ ಸೇರಿದವರ ವಾಟ್ಸಾಪ್‌ಗೆ ಮೊದಲ ರಿಹರ್ಸಲ್‌ನ ಹಿಂದಿನ ದಿನವೋ, ಎರಡು ದಿನ ಮುಂಚೆಯೋ ಒಂದು ಪಿಡಿಎಫ್ ಬಂದು ಬೀಳುತ್ತದೆ. ಅದರಲ್ಲಿ ಸ್ವರಲಿಪಿ ಇರುವುದಿಲ್ಲ, ಸಾಹಿತ್ಯವೂ ಹೆಚ್ಚಾಗಿ ಇರುವುದಿಲ್ಲ. ಇರುವುದು ಒಂದಷ್ಟು ಉದ್ದಗೆರೆ, ಅವುಗಳ ನಡುವೆ ಕಾರ್ಡ್‌ಗಳ ಹೆಸರು, ಅಲ್ಲಲ್ಲಿ ಚುಕ್ಕೆ, ಎಲ್ಲೋ ಒಂದು ವೃತ್ತದ ಗುರುತು. ಕೀಬೋರ್ಡ್ ಅಥವಾ ಗಿಟಾರ್ ಬಲ್ಲವರು ಇದನ್ನು ನೋಡಿ ‘G, D, Em, C ತಾನೇ, ಎಲ್ಲ ಗೊತ್ತಿರುವುದೇ’ ಎಂದು ಫೋನ್ ಕೆಳಗಿಡುತ್ತಾರೆ. ರಿಹರ್ಸಲ್‌ನಲ್ಲಿ ಎಡವುವುದು ಕಾರ್ಡ್ ಗೊತ್ತಿಲ್ಲದೆ ಅಲ್ಲ. ಒಂದು ಸಾಲು ಮುಗಿದ ಮೇಲೆ ಯಾವ ಸಾಲಿಗೆ ಹೋಗಬೇಕೆಂದು ಗೊತ್ತಿಲ್ಲದೆ.

ಚಾರ್ಟ್ ಬರೆಯುವವರು ಹಾಡನ್ನು ಒಂದೇ ಪುಟದಲ್ಲಿ ಮುಗಿಸಲು ನೋಡುತ್ತಾರೆ. ನುಡಿಸುತ್ತಿರುವವರಿಗೆ ಪುಟ ತಿರುಗಿಸಲು ಕೈ ಬಿಡುವಿರುವುದಿಲ್ಲ. ಹಾಗಾಗಿ ಮತ್ತೆ ಬರುವ ಭಾಗವನ್ನು ಮತ್ತೆ ಬರೆಯದೆ, ‘ಇಲ್ಲಿಂದ ಅಲ್ಲಿಗೆ ಹೋಗಿ’ ಎಂಬ ಗುರುತು ಹಾಕುತ್ತಾರೆ. ಈ ಗುರುತುಗಳು ಬಹಳ ಹಳೆಯವು, ಹೆಸರುಗಳು ಇಟಾಲಿಯನ್. ಬೆಂಗಳೂರಿನ ಆರ್ಕೆಸ್ಟ್ರಾ ಇರಲಿ, ಚರ್ಚ್ ಬ್ಯಾಂಡ್ ಇರಲಿ, ಜಾಝ್ ಕಲಿಯುವವರ ‘ರಿಯಲ್ ಬುಕ್’ ಇರಲಿ, ಗುರುತುಗಳು ಅವೇ. 1970ರ ದಶಕದಲ್ಲಿ ಬಾಸ್ಟನ್‌ನ ಬರ್ಕ್ಲೀ ಕಾಲೇಜಿನ ವಿದ್ಯಾರ್ಥಿಗಳು ಪರವಾನಗಿ ಇಲ್ಲದೆ ಕೈಬರಹದಲ್ಲಿ ಸಿದ್ಧಪಡಿಸಿ ಹಂಚಿದ ಆ ಪುಸ್ತಕ 2004ರಲ್ಲಷ್ಟೇ ಕಾನೂನುಬದ್ಧವಾಗಿ ಅಚ್ಚಾಯಿತು.

ಈ ಲೇಖನಕ್ಕೆಂದೇ ಬರೆದ ಒಂದು ಪುಟ್ಟ ಚಾರ್ಟ್ ಇಲ್ಲಿದೆ. 4/4 ತಾಳ, ನಿಮಿಷಕ್ಕೆ 80 ಬೀಟ್. ವರ್ಸ್ ಎಂದರೆ ನಮ್ಮ ಚರಣ, ಕೋರಸ್ ಎಂದರೆ ಪಲ್ಲವಿ ಎಂದುಕೊಂಡರೆ ಸಾಕು.

```
ಇಂಟ್ರೋ     | G | D/F# | Em | C  D |

ವರ್ಸ್   𝄋  |: G | D/F# | Em | Em/D | C | G/B |
           1. | Am7 | D :|
           2. | C/D | D ||

ಕೋರಸ್      | C | D/C | Bm7 | Em | Am7 | C/D |  To 𝄌
           | G | G ||

ಇಂಟರ್‌ಲೂಡ್  | Em | Em/D | C | D ||  D.S. al Coda

ಕೋಡಾ   𝄌  | G/B | C | C/D | G ||
```

ಎರಡು ಉದ್ದಗೆರೆಗಳ ನಡುವಿನ ಜಾಗ ಒಂದು ಬಾರ್, ಇಲ್ಲಿ ನಾಲ್ಕು ಬೀಟ್. ಒಂದೇ ಬಾರ್‌ನಲ್ಲಿ C ಮತ್ತು D ಎರಡೂ ಇದ್ದರೆ ತಲಾ ಎರಡು ಬೀಟ್. ಇಂಟ್ರೋ ಮುಗಿಸಿ ವರ್ಸ್‌ಗೆ ಬಂದಾಗ ಎದುರಾಗುವ ಚುಕ್ಕೆಗಳ ಗೆರೆ ರಿಪೀಟ್‌ನ ಆರಂಭ. ಮುಂದೆ ಅದರ ಜೋಡಿ ಗೆರೆ ಸಿಕ್ಕಾಗ ಇಲ್ಲಿಗೇ ಮರಳಬೇಕು, ಇಂಟ್ರೋಗಲ್ಲ. ಮೊದಲ ಸುತ್ತಿನಲ್ಲಿ ಆರು ಬಾರ್ ನುಡಿಸಿ ‘1’ ಎಂದು ಬರೆದ ಎರಡು ಬಾರ್‌ಗಳನ್ನು ಮುಗಿಸಿ ಹಿಂದಕ್ಕೆ. ಎರಡನೇ ಸುತ್ತಿನಲ್ಲಿ ಅದೇ ಆರು ಬಾರ್, ಆದರೆ ‘1’ ಅನ್ನು ಹಾರಿ ನೇರ ‘2’ಕ್ಕೆ. ಎರಡನೇ ಸಲ ‘1’ ಮತ್ತು ‘2’ ಎರಡನ್ನೂ ಸಾಲಾಗಿ ನುಡಿಸುವುದು ಹೊಸಬರ ಮಾಮೂಲಿ ತಪ್ಪು. ಗಾಯಕಿ ಕೋರಸ್ ಎತ್ತಿಕೊಂಡಾಗ ಇವರಿನ್ನೂ ಎರಡು ಬಾರ್ ಹಿಂದೆ ಇರುತ್ತಾರೆ.

ಕೋರಸ್‌ನ ಆರನೇ ಬಾರ್ ಆದ ಮೇಲೆ ‘ಟು ಕೋಡಾ’ ಎಂದಿದೆ. ಮೊದಲ ಸಲ ಅದನ್ನು ಕಂಡರೂ ಕಾಣದಂತೆ ಮುಂದಕ್ಕೆ ಹೋಗಬೇಕು. ಅದು ಜಾರಿಗೆ ಬರುವುದು ‘ಡಿ.ಎಸ್. ಅಲ್ ಕೋಡಾ’ ಎಂಬ ಆದೇಶ ದಾಟಿದ ಮೇಲೆ. ಡಿ.ಎಸ್. ಅಂದರೆ ದಾಲ್ ಸೆನ್ಯೋ, ಆ ಚಿಹ್ನೆ ಇರುವಲ್ಲಿಂದ. ಚಿಹ್ನೆ ಎಂದರೆ ಓರೆಗೆರೆ ಎಳೆದು ಎರಡು ಚುಕ್ಕೆ ಇಟ್ಟ S. ಇದೇ ಜಾಗದಲ್ಲಿ ಡಿ.ಸಿ. ಎಂದಿದ್ದರೆ ಹಾಡಿನ ತಲೆಗೇ, ಅಂದರೆ ಇಂಟ್ರೋಗೇ ಹೋಗಬೇಕಿತ್ತು. ನಮ್ಮ ಚಾರ್ಟ್‌ನಲ್ಲಿ ಇಂಟರ್‌ಲೂಡ್ ಮುಗಿದೊಡನೆ ವರ್ಸ್‌ನ ಆರಂಭಕ್ಕೆ ಮರಳಿ, ಮುಂದೆ ಕೋರಸ್‌ನ ಆರು ಬಾರ್ ನುಡಿಸಿ, ಅಲ್ಲಿಂದ ಕೆಳಗಿನ ಕೋಡಾಕ್ಕೆ ಜಿಗಿದು ಹಾಡು ಮುಗಿಸಬೇಕು.

ಒಂದು ತಕರಾರು ಇಲ್ಲಿದೆ. ಡಿ.ಎಸ್. ಮೂಲಕ ವರ್ಸ್‌ಗೆ ಮರಳಿದಾಗ ಅದನ್ನು ಮತ್ತೆ ಎರಡು ಸಲ ನುಡಿಸಬೇಕೇ, ಒಂದೇ ಸಲವೇ? ಹಳೆಯ ರೂಢಿಯ ಪ್ರಕಾರ ಮರಳಿ ಬಂದಾಗ ರಿಪೀಟ್ ಇಲ್ಲ, ನೇರವಾಗಿ ‘2’ಕ್ಕೆ ಹೋಗಬೇಕು. ಆದರೆ ಎಲ್ಲ ಬ್ಯಾಂಡ್‌ಗಳೂ ಆ ರೂಢಿಗೆ ಕಟ್ಟುಬಿದ್ದಿಲ್ಲ. ಕಡೆಯಲ್ಲಿ ಇನ್ನೂ ಎರಡು ವರ್ಸ್‌ನಷ್ಟು ಸಾಹಿತ್ಯ ಉಳಿದಿದ್ದರೆ ರಿಪೀಟ್ ಬೇಕೇ ಬೇಕು. ಚಾರ್ಟ್ ಬರೆದವರಿಗೆ ಅದು ಎಷ್ಟು ಸ್ಪಷ್ಟ ಅನ್ನಿಸಿರುತ್ತದೆ ಎಂದರೆ ಬರೆಯುವುದನ್ನೇ ಮರೆತಿರುತ್ತಾರೆ.

ಉತ್ತರವನ್ನು ಮನೆಯಲ್ಲೇ ಕಂಡುಕೊಳ್ಳಬಹುದು, ಬಾರ್ ಎಣಿಸಿದರೆ ಸಾಕು. ಹಾಳೆಯ ಮೇಲೆ ಅಚ್ಚಾಗಿರುವುದು 30 ಬಾರ್. ನುಡಿಸುವ ಕ್ರಮದಲ್ಲಿ ಎಣಿಸಿದರೆ ಇಂಟ್ರೋ 4, ವರ್ಸ್ ಎರಡು ಸಲಕ್ಕೆ 16, ಕೋರಸ್ 8, ಇಂಟರ್‌ಲೂಡ್ 4, ಮರಳಿ ಬಂದ ವರ್ಸ್ 8, ಕೋರಸ್‌ನ 6, ಕೋಡಾ 4, ಒಟ್ಟು 50. ನಿಮಿಷಕ್ಕೆ 80 ಬೀಟ್ ಇದ್ದಾಗ ನಾಲ್ಕು ಬೀಟ್‌ನ ಒಂದು ಬಾರ್‌ಗೆ ಸರಿಯಾಗಿ 3 ಸೆಕೆಂಡ್. ಅಂದರೆ ಹಾಡು 150 ಸೆಕೆಂಡ್, ಎರಡೂವರೆ ನಿಮಿಷ. ಈಗ ಬ್ಯಾಂಡಿನವರು ಕಳಿಸಿದ ರೆಕಾರ್ಡಿಂಗ್‌ನ ಉದ್ದ ನೋಡಬೇಕು. ಅದು 2 ನಿಮಿಷ 54 ಸೆಕೆಂಡ್ ಇದ್ದರೆ ಹೆಚ್ಚಿಗೆ ಬಂದ 24 ಸೆಕೆಂಡ್ ಎಂಟು ಬಾರ್‌ಗೆ ಸಮ, ಎಂದರೆ ಒಂದು ವರ್ಸ್. ಕೊನೆಯಲ್ಲೂ ರಿಪೀಟ್ ಇದೆ ಎನ್ನಲು ಇದು ಒಳ್ಳೆಯ ಸುಳಿವು. ಕೊನೆಯ ಕಾರ್ಡ್ ಎಳೆದು ನಿಲ್ಲಿಸಿದ್ದರೆ ಎರಡು ಮೂರು ಸೆಕೆಂಡ್ ಹೆಚ್ಚುಕಡಿಮೆ ಆಗುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ. ಲೆಕ್ಕ ಹಾಕಿದ ಮೇಲೆ ಆ ಜಾಗಕ್ಕೆ ರೆಕಾರ್ಡಿಂಗ್ ಓಡಿಸಿ, ಒಂದು ಸಲ ಬೆರಳೆಣಿಸಿಕೊಂಡು ಕೇಳಿದರೆ ಅನುಮಾನ ಉಳಿಯುವುದಿಲ್ಲ.

ಹೀಗೆ ಸಿಕ್ಕ ಕ್ರಮವನ್ನು ಹಾಳೆಯ ಮೇಲ್ತುದಿಯಲ್ಲಿ ಪೆನ್ಸಿಲ್‌ನಿಂದ ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳುವವರಿದ್ದಾರೆ: 4, 8, 8, 8, 4, 8, 6, 4. ಡ್ರಮ್ಮರ್‌ಗಂತೂ ಕಾರ್ಡ್‌ಗಳಿಗಿಂತ ಈ ಸಾಲೇ ಮುಖ್ಯ. ಅದರಲ್ಲೂ ಆ 6. ಎಂಟರ ಲೆಕ್ಕದಲ್ಲಿ ಕೈ ಕೂತುಬಿಟ್ಟಿರುವಾಗ ಆರಕ್ಕೇ ತಿರುಗುವುದು ಕೋಡಾದ ಜಿಗಿತ. ಗುಂಪು ಒಡೆಯುವುದು ಸಾಮಾನ್ಯವಾಗಿ ಅಲ್ಲೇ.

ಇನ್ನು D/F# ಥರದ ಓರೆಗೆರೆ ಕಾರ್ಡ್‌ಗಳು, ಅಂದರೆ ಸ್ಲ್ಯಾಶ್ ಕಾರ್ಡ್‌ಗಳು. ಗೆರೆಯ ಎಡಕ್ಕಿರುವುದು ಕಾರ್ಡ್, ಬಲಕ್ಕಿರುವುದು ಎಲ್ಲಕ್ಕಿಂತ ಕೆಳಗೆ ಕೇಳಿಸಬೇಕಾದ ಒಂದೇ ಒಂದು ಸ್ವರ. ‘D ಅಥವಾ F#’ ಎಂದು ಇದನ್ನು ಓದುವವರೂ ಉಂಟು, ಅದು ತಪ್ಪು. ಎರಡೂ ಒಟ್ಟಿಗೆ ಬೇಕು. ಕೀಬೋರ್ಡ್‌ನವರು D ಮೇಜರ್ ಹಿಡಿದರೆ ಬೇಸ್ ಗಿಟಾರ್‌ನವರು F# ನುಡಿಸುತ್ತಾರೆ.

ಇದರಿಂದ ಏನಾಗುತ್ತದೆಂದು ತಿಳಿಯಲು ನಮ್ಮ ವರ್ಸ್‌ನ ಕೆಳಸ್ವರಗಳನ್ನು ಮಾತ್ರ ಓದಿ ನೋಡಬಹುದು: G, F#, E, D, C, B, A. G ಅನ್ನು ಷಡ್ಜ ಎಂದುಕೊಂಡರೆ ಸ ನಿ ಧ ಪ ಮ ಗ ರಿ, ಶಂಕರಾಭರಣದ ಅವರೋಹಣ. ಬಾರ್‌ಗೊಂದು ಮೆಟ್ಟಿಲಿನಂತೆ ಇಳಿದು, ಎಂಟನೇ ಬಾರ್‌ನಲ್ಲಿ ಪಂಚಮಕ್ಕೆ ಹೋಗಿ, ಅಲ್ಲಿಂದ ಮತ್ತೆ ಷಡ್ಜಕ್ಕೆ. ಗೆರೆಯ ಬಲಗಡೆಯನ್ನು ಕಡೆಗಣಿಸಿ ಕಾರ್ಡ್‌ನ ಮೂಲಸ್ವರಗಳನ್ನೇ ನುಡಿಸಿದರೆ ಅದೇ ಸಾಲು G, D, E, E, C, G, A ಎಂದು ಕುಪ್ಪಳಿಸುತ್ತದೆ. ಒಂದೂ ಅಪಸ್ವರವಲ್ಲ, ಆದರೆ ಹಾಡಿನ ಇಳಿಜಾರೇ ಮಾಯ. ಬೀಟಲ್ಸ್ ತಂಡದ 1968ರ ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ ಕೇಳಿದವರಿಗೆ ಈ ಇಳಿತ ಪರಿಚಿತ. ಅಲ್ಲಿ A, G, F#, F ಎಂದು ಬೇಸ್ ಇಳಿಯುವುದೇ ಹಾಡಿನ ಗುರುತು.

ಎಲ್ಲ ಸ್ಲ್ಯಾಶ್‌ಗಳೂ ಒಂದೇ ಕೆಲಸ ಮಾಡುವುದಿಲ್ಲ. D/F# ಮತ್ತು G/B ಗಳಲ್ಲಿ ಕೆಳಸ್ವರ ಆಯಾ ಕಾರ್ಡ್‌ನ ಒಳಗೇ ಇರುವಂಥದ್ದು. Em/D ಯ D ಆ ಕಾರ್ಡ್‌ನದ್ದಲ್ಲ, E ಯಿಂದ C ಗೆ ಇಳಿಯುವ ದಾರಿಯಲ್ಲಿ ಸಿಗುವ ನಡುಸ್ವರ. ಕೋರಸ್‌ನ D/C ಯಲ್ಲಿ ಮೇಲಿನ ಕಾರ್ಡ್ ಬದಲಾದರೂ ಬೇಸ್ ಹಿಂದಿನ C ಯಲ್ಲೇ ನಿಂತಿರುತ್ತದೆ. ಆ ಎಳೆತ ತೀರುವುದು ಮುಂದಿನ ಬಾರ್‌ನಲ್ಲಿ B ಗೆ ಇಳಿದಾಗ. C/D ಯಂತೂ ಹೆಸರಿಗೆ C, ಕೆಲಸಕ್ಕೆ D. ಮತ್ತೆ G ಗೆ ಮರಳುವ ಮೊದಲು ಕಿವಿಯನ್ನು ಕಾಯಿಸಿ ನಿಲ್ಲಿಸುವ ಕಾರ್ಡ್ ಅದು. ಅಲ್ಲಿ ಬೇಸ್‌ನವರು C ನುಡಿಸಿದರೆ ಆ ಕಾಯುವಿಕೆಯೇ ಇಲ್ಲವಾಗುತ್ತದೆ.

ಯಾರು ಏನು ನುಡಿಸಬೇಕೆಂಬುದು ಗುಂಪಿನ ಮೇಲೆ ಹೋಗುತ್ತದೆ. ಬೇಸ್ ಗಿಟಾರ್ ಇದ್ದರೆ ಕೀಬೋರ್ಡ್‌ನ ಎಡಗೈ ಮಂದ್ರದಲ್ಲಿ ಸುಮ್ಮನಿರುವುದೇ ಲೇಸು. ಅಭ್ಯಾಸಬಲದಿಂದ ಅದು D ಒತ್ತಿ, ಪಕ್ಕದಲ್ಲಿ ಬೇಸ್ F# ನುಡಿಸಿದರೆ ಕೆಳಗೆಲ್ಲ ಮಬ್ಬು ಸದ್ದು. ಬೇಸ್ ಇಲ್ಲದ ಚಿಕ್ಕ ಗುಂಪಿನಲ್ಲಿ ಮಾತ್ರ ಗೆರೆಯ ಬಲಗಡೆ ಕೀಬೋರ್ಡ್‌ನ ಎಡಗೈಯ ಹೊಣೆ. ಗಿಟಾರ್‌ನವರು D/F# ಗೆ ಎಲ್ಲಕ್ಕಿಂತ ದಪ್ಪ ತಂತಿಯ ಎರಡನೇ ಫ್ರೆಟ್ಟನ್ನು ಹೆಬ್ಬೆರಳಿನಿಂದ ಒತ್ತುವುದುಂಟು. ಬೇಸ್ ಇರುವಾಗ ಆ ಸರ್ಕಸ್ ಬೇಕಿಲ್ಲ, ದಪ್ಪ ತಂತಿ ಬಿಟ್ಟು ಸಾದಾ D ಹಿಡಿದರೂ ನಡೆಯುತ್ತದೆ.

ಅಂದ ಹಾಗೆ ಓರೆಗೆರೆಗೆ ಇನ್ನೊಂದು ಅರ್ಥವೂ ಇದೆ. G ಯ ಮುಂದೆ ಯಾವ ಅಕ್ಷರವೂ ಇಲ್ಲದೆ ಬರೀ ಮೂರು ಓರೆಗೆರೆ ಬಂದರೆ ಅವು ಬೀಟ್‌ಗಳು: ಒಟ್ಟು ನಾಲ್ಕು ಬೀಟ್ G ಯಲ್ಲೇ ಇರಿ ಎಂದು. ಗೆರೆಯ ಎರಡು ಬದಿಗೂ ಚುಕ್ಕೆ ಇದ್ದರೆ ಹಿಂದಿನ ಬಾರ್ ಇನ್ನೊಮ್ಮೆ.

ರಿಹರ್ಸಲ್‌ಗೆ ಬಂದ ಮೇಲೆ ಗಾಯಕಿ ‘ಶ್ರುತಿ ನನಗೆ ಕೆಳಗಾಯ್ತು, A ಗೆ ಏರಿಸೋಣ’ ಎಂದರೆ ಸ್ಲ್ಯಾಶ್‌ನ ಎರಡೂ ಬದಿ ಏರಬೇಕು. D/F# ಆಗ E/G# ಆಗುತ್ತದೆ. ಅವಸರದಲ್ಲಿ ಎಡಗಡೆಯನ್ನಷ್ಟೇ ತಿದ್ದಿ E/F# ಎಂದು ಗೀಚಿಕೊಂಡರೆ ಹಾಡಿನ ಎರಡನೇ ಬಾರ್‌ನಲ್ಲೇ ಎಲ್ಲರೂ ತಿರುಗಿ ನೋಡುತ್ತಾರೆ. ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಬಟನ್ ಒತ್ತಿ, ಎರಡು ಏರಿಸಿ, ಹಳೆಯ ಹಾಳೆಯನ್ನೇ ಓದುತ್ತಾರೆ. ಬೇಸ್ ಗಿಟಾರ್‌ನಲ್ಲಿ ಅಂಥ ಬಟನ್ ಇಲ್ಲ. ಆದ್ದರಿಂದ ಶ್ರುತಿ ಬದಲಾಗಬಹುದು ಎಂಬ ಸುಳಿವು ಸಿಕ್ಕರೆ ಬೇಸ್‌ನವರು ಮನೆಯಿಂದಲೇ A ಯ ಇನ್ನೊಂದು ಹಾಳೆ ಬರೆದು ತರಬೇಕು. ಪಿಡಿಎಫ್ ಕಳಿಸಿದವರನ್ನು ಹಿಂದಿನ ರಾತ್ರಿಯೇ ಎರಡು ಮಾತು ಕೇಳಿಬಿಡಿ: ಶ್ರುತಿ ಯಾವುದು, ಮತ್ತು ಡಿ.ಎಸ್. ಆದ ಮೇಲೆ ರಿಪೀಟ್ ಇದೆಯೇ.