ಹೋಟೆಲಿನ ಗದ್ದಲದಲ್ಲಿ ಸಿಕ್ಕ ಹಾಡು

ಕಡೂರು ದಾಟಿದ ಮೇಲೆ ಬಸ್ಸು ತಿಂಡಿಗೆಂದು ನಿಂತಿತ್ತು. ಹೋಟೆಲಿನ ಗೋಡೆಯ ಸ್ಪೀಕರಿನಲ್ಲಿ ಹಳೆಯ ಚಿತ್ರಗೀತೆಯೊಂದು ಬರುತ್ತಿತ್ತು. ಕಾವಲಿಗೆ ನೀರು ಚಿಮುಕಿಸಿದ ಚುಂಯ್, ಲೋಟಗಳ ಟಣಟಣ, ಸಪ್ಲೈಯರ್ ಒಳಗೆ ಕೂಗಿ ಹೇಳುತ್ತಿದ್ದ ಆರ್ಡರು, ಹೊರಗೆ ಬಸ್ಸಿನ ಎಂಜಿನ್ನು. ಚಿಕ್ಕಂದಿನಲ್ಲಿ ಮನೆಯಲ್ಲಿ ಕೇಳಿದ ಹಾಡು ಅದು, ಯಾವ ಚಿತ್ರದ್ದೆಂದು ಮಾತ್ರ ನೆನಪಾಗಲಿಲ್ಲ. ಫೋನಿನಲ್ಲಿ ಶಾಜಮ್ ತೆರೆದು ಕೈ ಎತ್ತಿ ಹಿಡಿದೆ. ಹತ್ತು ಸೆಕೆಂಡಿನೊಳಗೆ ಚಿತ್ರದ ಹೆಸರು, ಹಾಡಿದವರ ಹೆಸರು ಎರಡೂ ಬಂದವು.

ಊರಿಗೆ ಹೋದಾಗ ಅಪ್ಪನ ಕ್ಯಾಸೆಟ್ ಪೆಟ್ಟಿಗೆಯಲ್ಲಿ ಅದೇ ಹಾಡು ಸಿಕ್ಕಿತು. ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದೆ. ಬಾಗಿಲು ಮುಚ್ಚಿದ ಕೋಣೆ, ಫ್ಯಾನು ಕೂಡ ಆರಿಸಿತ್ತು. ಫೋನನ್ನು ಸ್ಪೀಕರಿನ ಎದುರಿಗೇ ಇಟ್ಟೆ. ಮೂರು ಸಲ ಪ್ರಯತ್ನಿಸಿದರೂ ಹಾಡು ಸಿಗಲಿಲ್ಲವೆಂದೇ ಉತ್ತರ. ಅಷ್ಟು ಗದ್ದಲದಲ್ಲಿ ಗುರುತು ಹಿಡಿದದ್ದು ಇಷ್ಟು ನಿಶ್ಶಬ್ದದಲ್ಲಿ ಯಾಕೆ ಸೋತಿತು? ಇದಕ್ಕೆ ಉತ್ತರ ಬೇಕಾದರೆ ಫೋನು ಹಾಡನ್ನು ಕೇಳುವ ರೀತಿಯನ್ನು ತಿಳಿಯಬೇಕು. ಅದು ನಾವು ಕೇಳುವ ರೀತಿಯಲ್ಲ.

ಈ ಸೇವೆ ಆರಂಭವಾದದ್ದು ಬ್ರಿಟನ್ನಿನಲ್ಲಿ, 2002ರಲ್ಲಿ. ಆಗ ಈಗಿನಂಥ ಸ್ಮಾರ್ಟ್‌ಫೋನ್ ಇರಲಿಲ್ಲ, ಈಗಿನಂಥ ಆಪ್ ಇರಲಿಲ್ಲ. ಸಾಮಾನ್ಯ ಮೊಬೈಲಿನಿಂದ 2580ಕ್ಕೆ ಕರೆ ಮಾಡಬೇಕಿತ್ತು. ಕೀಲಿಮಣೆಯ ನಡುವಿನ ಸಾಲನ್ನು ಮೇಲಿಂದ ಕೆಳಗೆ ಒತ್ತುತ್ತಾ ಬಂದರೆ ಅದೇ ಅಂಕಿ. ಫೋನನ್ನು ಅರ್ಧ ನಿಮಿಷ ಸಂಗೀತದ ಕಡೆ ಹಿಡಿದರೆ ಕರೆ ತಾನಾಗಿ ಕಡಿದು, ಹಾಡಿನ ಹೆಸರು ಎಸ್ಸೆಮ್ಮೆಸ್ಸಾಗಿ ಬರುತ್ತಿತ್ತು. ಇದರ ಹಿಂದಿನ ಗಣಿತ ಸಂಸ್ಥಾಪಕರಲ್ಲೊಬ್ಬರಾದ ಏವರಿ ವಾಂಗ್ ಅವರದು. ಅವರ ಮುಂದಿದ್ದ ಕಷ್ಟ ಬರೀ ಹೋಟೆಲಿನ ಗಲಾಟೆಯದಲ್ಲ. ಆ ಕಾಲದ ಮೊಬೈಲ್ ಜಾಲ ಮನುಷ್ಯನ ಮಾತನ್ನು ಸಾಗಿಸಲೆಂದು ಮಾಡಿದ್ದು. ಮಾತಲ್ಲದ್ದನ್ನು ಅದು ಹಿಂಡಿ ವಿರೂಪ ಮಾಡಿಯೇ ಕಳಿಸುತ್ತಿತ್ತು. ಅಂಥ ಧ್ವನಿಯನ್ನು ಲಕ್ಷಗಟ್ಟಲೆ ಹಾಡುಗಳ ಜೊತೆ ತಾಳೆ ನೋಡಬೇಕಿತ್ತು. ತಾವು ಮಾಡಿದ್ದೇನೆಂದು ವಾಂಗ್ 2003ರ ಒಂದು ಪ್ರಬಂಧದಲ್ಲಿ ಬಿಡಿಸಿ ಹೇಳಿದರು. ಸಂಗೀತ ಗುರುತಿಸುವ ಕೆಲಸದಲ್ಲಿರುವವರು ಇಂದಿಗೂ ಮೊದಲು ಓದುವುದು ಅದನ್ನೇ.

ವಾಂಗ್ ಹಿಡಿದ ದಾರಿ, ಹಾಡಿನಲ್ಲಿ ಇರುವುದನ್ನೆಲ್ಲ ಬಿಸಾಡಿ, ಯಾವುದು ಎಂಥ ಗದ್ದಲದಲ್ಲೂ ಉಳಿಯುತ್ತದೋ ಅದನ್ನಷ್ಟೇ ಇಟ್ಟುಕೊಳ್ಳುವುದು.

ಮೊದಲಿಗೆ ಧ್ವನಿಯನ್ನು ಚಿತ್ರವಾಗಿ ಬಿಡಿಸಬೇಕು. ಅಡ್ಡಕ್ಕೆ ಸಮಯ, ಉದ್ದಕ್ಕೆ ಆವೃತ್ತಿ, ಅಂದರೆ ಸ್ವರ ತಗ್ಗಿನದೋ ತಾರದ್ದೋ ಎಂಬ ಅಳತೆ. ಯಾವ ಕ್ಷಣದಲ್ಲಿ ಯಾವ ಆವೃತ್ತಿ ಜೋರಾಗಿದೆಯೋ ಅಲ್ಲಿ ಬಣ್ಣ ಗಾಢವಾಗುತ್ತದೆ. ಇದಕ್ಕೆ ಸ್ಪೆಕ್ಟ್ರೋಗ್ರಾಂ ಎನ್ನುತ್ತಾರೆ. ಆಮೇಲೆ ಈ ಚಿತ್ರದಲ್ಲಿ ಸುತ್ತಲಿನ ಎಲ್ಲಕ್ಕಿಂತ ಎದ್ದು ಕಾಣುವ ಚುಕ್ಕೆಗಳನ್ನು, ಶಿಖರಗಳನ್ನು, ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಅಳಿಸಿಬಿಡುತ್ತಾರೆ. ಶಿಖರ ಎಷ್ಟು ಎತ್ತರವಿತ್ತು ಎಂಬುದನ್ನೂ ಬರೆದಿಡುವುದಿಲ್ಲ. ಅಗ್ಗದ ಸ್ಪೀಕರು ಎತ್ತರವನ್ನು ಕೆಡಿಸಬಹುದು, ಆದರೆ ಶಿಖರ ಎಲ್ಲಿತ್ತೆಂಬುದನ್ನು ಅಷ್ಟು ಸುಲಭವಾಗಿ ಕೆಡಿಸಲಾರದು. ಕೊನೆಗೆ ಉಳಿಯುವುದು ಕಪ್ಪು ಆಕಾಶದಲ್ಲಿ ಚದುರಿದ ನಕ್ಷತ್ರಗಳಂಥ ನಕ್ಷೆ. ವಾಂಗ್ ಕೂಡ ಅದನ್ನು ನಕ್ಷತ್ರಪುಂಜವೆಂದೇ ಕರೆದಿದ್ದಾರೆ.

ಹೋಟೆಲಿನ ಗದ್ದಲ ಈ ನಕ್ಷೆಯನ್ನು ಏನು ಮಾಡುತ್ತದೆ? ಕಾವಲಿಯ ಚುಂಯ್ ಎಲ್ಲ ಆವೃತ್ತಿಗಳಿಗೂ ತೆಳುವಾಗಿ ಹರಡಿಕೊಳ್ಳುವ ಸದ್ದು. ಅದು ನೆಲವನ್ನು ಒಂದಿಷ್ಟು ಎತ್ತರಿಸುತ್ತದೆ, ಸಣ್ಣ ಶಿಖರಗಳು ಮುಳುಗುತ್ತವೆ, ದೊಡ್ಡವು ಉಳಿದುಕೊಳ್ಳುತ್ತವೆ. ಲೋಟದ ಟಣಟಣ ಬೇರೆ ಥರ. ಅದಕ್ಕೆ ತನ್ನದೇ ಚೂಪಾದ ಶಿಖರಗಳಿರುತ್ತವೆ, ಅವು ಹಾಡಿನ ಚುಕ್ಕೆಗಳ ನಡುವೆ ಬಂದು ಸೇರಿಕೊಳ್ಳುತ್ತವೆ. ಮೋಡದ ಮರೆಗೆ ಸಪ್ತರ್ಷಿ ಮಂಡಲದ ಎರಡು ನಕ್ಷತ್ರ ಹೋಗಿ, ನಡುವೆ ವಿಮಾನದ ದೀಪವೊಂದು ಮಿನುಗಿದ ಹಾಗೆ.

ಆದರೆ ಬಿಡಿ ಚುಕ್ಕೆಯಿಂದ ಹಾಡು ಪತ್ತೆಯಾಗದು. ಆವೃತ್ತಿಯನ್ನು ಸುಮಾರು ಸಾವಿರ ಪಟ್ಟಿಗಳಾಗಿ ಹಂಚಿದರೆ, ಒಂದೊಂದು ಪಟ್ಟಿಯಲ್ಲೂ ಬಹುತೇಕ ಎಲ್ಲ ಹಾಡುಗಳ ಚುಕ್ಕೆ ಇದ್ದೇ ಇರುತ್ತದೆ. ಆದ್ದರಿಂದ ವಾಂಗ್ ಚುಕ್ಕೆಗಳನ್ನು ಜೋಡಿ ಮಾಡಿದರು. ಒಂದು ಚುಕ್ಕೆ ಹಿಡಿದು, ಅದರ ಮುಂದೆ ಬರುವ ಕೆಲವು ಚುಕ್ಕೆಗಳೊಂದಿಗೆ ಅದನ್ನು ಸೇರಿಸಿದರು. ಪ್ರತಿ ಜೋಡಿಗೂ ಮೂರು ಅಂಕಿ: ಮೊದಲ ಚುಕ್ಕೆಯ ಆವೃತ್ತಿ, ಎರಡನೆಯದರ ಆವೃತ್ತಿ, ಎರಡರ ನಡುವಿನ ಸಮಯ. ಪ್ರತಿ ಅಂಕಿಗೂ ಸಾವಿರದಷ್ಟು ಬೆಲೆಗಳಿದ್ದರೆ, ಮೂರೂ ಸೇರಿ ನೂರು ಕೋಟಿಗಿಂತ ಹೆಚ್ಚು ಬಗೆಯ ಜೋಡಿಗಳಾಗುತ್ತವೆ. ಈ ಮೂರು ಅಂಕಿಯ ಕಟ್ಟನ್ನೇ ಹ್ಯಾಶ್ ಎನ್ನುವುದು, ಹಾಡಿನ ಬೆರಳಚ್ಚಿನ ಒಂದು ಗೆರೆ ಎನ್ನಬಹುದು. ಕಂಪನಿಯ ಕಂಪ್ಯೂಟರಿನಲ್ಲಿ ಹಾಡುಗಳಿರುವುದಕ್ಕಿಂತ ಮುಖ್ಯವಾಗಿ ಇಂಥ ಗೆರೆಗಳ ಸೂಚಿ ಇರುತ್ತದೆ. ಪುಸ್ತಕದ ಹಿಂದಿನ ಪದಸೂಚಿಯ ಹಾಗೆ, ಈ ಗೆರೆ ಯಾವ ಹಾಡಿನಲ್ಲಿ, ಎಷ್ಟನೆಯ ಸೆಕೆಂಡಿನಲ್ಲಿದೆ ಎಂದು ಅದು ಹೇಳುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನನ್ನ ಫೋನಿನ ರೆಕಾರ್ಡಿಂಗಿನಲ್ಲಿ 2ನೇ ಸೆಕೆಂಡಿಗೆ 880 ಹರ್ಟ್ಸ್‌ನ ಚುಕ್ಕೆ, ಅದಾದ 0.6 ಸೆಕೆಂಡಿಗೆ 1320 ಹರ್ಟ್ಸ್‌ನ ಇನ್ನೊಂದು. ಸೂಚಿಯಲ್ಲಿ ಹುಡುಕಿದರೆ ಈ ಜೋಡಿ ನಾಲ್ಕು ಹಾಡುಗಳಲ್ಲಿದೆ, ನಮ್ಮ ಹಾಡಿನಲ್ಲಿ ಅದು 41ನೇ ಸೆಕೆಂಡಿಗೆ ಬರುತ್ತದೆ. 41ರಲ್ಲಿ 2 ಕಳೆದರೆ 39. ಮುಂದಿನ ಜೋಡಿ ಫೋನಿನಲ್ಲಿ 5.1ಕ್ಕೆ, ಮೂಲದಲ್ಲಿ 44.1ಕ್ಕೆ. ಮತ್ತೆ 39. ಇನ್ನೊಂದು 8ಕ್ಕೆ, ಮೂಲದಲ್ಲಿ 47ಕ್ಕೆ. ಮತ್ತೆ 39. ಉಳಿದ ಹಾಡುಗಳಲ್ಲೂ ಅಲ್ಲೊಂದು ಇಲ್ಲೊಂದು ಜೋಡಿ ಹೊಂದಿಕೊಳ್ಳುತ್ತದೆ, ಆದರೆ ಅಲ್ಲಿನ ವ್ಯತ್ಯಾಸ ಒಮ್ಮೆ 112, ಒಮ್ಮೆ 7, ಒಮ್ಮೆ 63. ಅವು ಆಕಸ್ಮಿಕ ಹೊಂದಿಕೆಗಳು, ಅದಕ್ಕೇ ಚೆಲ್ಲಾಪಿಲ್ಲಿ. ನಮ್ಮ ಹಾಡಿನಲ್ಲಿ ಮಾತ್ರ 39 ಮತ್ತೆ ಮತ್ತೆ ಬರುತ್ತದೆ, ಯಾಕೆಂದರೆ ಫೋನು ಕೇಳಲು ಶುರು ಮಾಡಿದ್ದೇ ಹಾಡಿನ 39ನೇ ಸೆಕೆಂಡಿನಲ್ಲಿ. ಯಂತ್ರ ನೋಡುವುದು ಎಷ್ಟು ಜೋಡಿ ಹೊಂದಿದವೆಂದಲ್ಲ, ಒಂದೇ ವ್ಯತ್ಯಾಸದಲ್ಲಿ ಎಷ್ಟು ಬಂದು ಸೇರಿದವೆಂದು.

ನನಗೆ ಇದರಲ್ಲಿ ಅತಿ ಸುಂದರವಾಗಿ ಕಂಡದ್ದು ಈ ಕಳೆಯುವ ಲೆಕ್ಕವೇ. ಲೋಟದ ಸದ್ದು ಸೇರಿಕೊಂಡ ಸುಳ್ಳು ಜೋಡಿಗಳನ್ನು ಹೆಕ್ಕಿ ತೆಗೆಯುವ ಗೋಜೇ ಬೇಡ. ಅವು ಯಾವ ಒಂದು ಅಂಕಿಯ ಮೇಲೂ ಒಟ್ಟಾಗುವುದಿಲ್ಲ, ತಾವಾಗಿಯೇ ಚದುರಿಹೋಗುತ್ತವೆ. ಹೀಗಾಗಿ ನೂರು ಜೋಡಿಗಳಲ್ಲಿ ಒಂದೆರಡು ಗಲಾಟೆಯಿಂದ ಪಾರಾಗಿ ಬಂದರೂ ಹಾಡು ಸಿಗುತ್ತದೆ ಎಂದು ವಾಂಗ್ ತೋರಿಸಿದರು.

ಇಷ್ಟು ತಿಳಿದ ಮೇಲೆ ಯಂತ್ರದ ಮಿತಿ ತಾನಾಗಿ ಕಾಣುತ್ತದೆ. ಅದಕ್ಕೆ ಹಾಡು ಗೊತ್ತಿಲ್ಲ, ಗೊತ್ತಿರುವುದು ಒಂದು ನಿರ್ದಿಷ್ಟ ರೆಕಾರ್ಡಿಂಗ್. ರಾಗ, ತಾಳ, ಸಾಹಿತ್ಯ ಯಾವುದೂ ಆ ಸೂಚಿಯಲ್ಲಿಲ್ಲ. ಒಂದೇ ದೇವರನಾಮವನ್ನು ಇಬ್ಬರು ವಿದ್ವಾಂಸರು ಹಾಡಿದರೆ ಅದಕ್ಕೆ ಅವು ಸಂಬಂಧವೇ ಇಲ್ಲದ ಎರಡು ಧ್ವನಿಗಳು. ಅದೇ ವಿದ್ವಾಂಸರು ಕಚೇರಿಯಲ್ಲಿ ಇನ್ನೊಮ್ಮೆ ಹಾಡಿದರೂ ಚುಕ್ಕೆಗಳು ಹಿಂದೆ ಮುಂದೆ ಸರಿದಿರುತ್ತವೆ. ನಾವು ಗುನುಗಿದರಂತೂ ಕೇಳುವುದೇ ಬೇಡ. ಗುನುಗಿದ್ದನ್ನು ಹಿಡಿಯುವ ಸೇವೆಗಳೂ ಇವೆ, ಅವು ಸ್ವರದ ಏರಿಳಿತವನ್ನು ನೋಡುವ ಬೇರೆ ವಿಧಾನದವು. ಈ ಮಿತಿಯಿಂದ ಒಂದು ವಿಚಿತ್ರವೂ ಹುಟ್ಟಿದೆ. ವೇದಿಕೆಯ ಮೇಲೆ ನೇರವಾಗಿ ಹಾಡುತ್ತಿದ್ದಾರೆಂದು ಜನ ನಂಬಿದ್ದ ಕಲಾವಿದರನ್ನು ತಮ್ಮ ಯಂತ್ರ ಸರಿಯಾಗಿ ಗುರುತಿಸಿದ ಪ್ರಸಂಗಗಳನ್ನು ವಾಂಗ್ ಹೇಳಿದ್ದಾರೆ. ಅಲ್ಲಿ ಕೇಳುತ್ತಿದ್ದದ್ದು ಸಿಡಿ, ಕಲಾವಿದರು ತುಟಿ ಆಡಿಸುತ್ತಿದ್ದರು ಅಷ್ಟೆ.

ಅಪ್ಪನ ಕ್ಯಾಸೆಟ್ಟಿನಲ್ಲಿದ್ದದ್ದು ಮಾತ್ರ ಅದೇ ರೆಕಾರ್ಡಿಂಗ್. ಹಾಗಿದ್ದೂ ಸಿಗಲಿಲ್ಲ. ನನಗೆ ಅನುಮಾನ ಬಂದದ್ದು ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟಿನ ಮೇಲೆ. ಗಡಿಯಾರ ಹಿಡಿದು ಅಳೆದೆ. ಫೋನಿನ ಸಂಗೀತ ಆಪ್‌ನಲ್ಲಿ 4 ನಿಮಿಷ 20 ಸೆಕೆಂಡಿರುವ ಹಾಡು ಕ್ಯಾಸೆಟ್ಟಿನಲ್ಲಿ ಮುಗಿಯಲು 4 ನಿಮಿಷ 31 ಸೆಕೆಂಡು ಹಿಡಿಯಿತು. ಬೆಲ್ಟು ಸಡಿಲವಾಗಿ ಟೇಪು ನೂರಕ್ಕೆ ನಾಲ್ಕರಷ್ಟು ನಿಧಾನವಾಗಿ ಓಡುತ್ತಿತ್ತು.

ನಾಲ್ಕು ಪಾಲು ಕಿವಿಗೆ ದೊಡ್ಡದಲ್ಲ. ಪಕ್ಕದ ಸ್ವರಸ್ಥಾನಕ್ಕೆ ಇಳಿಯಬೇಕಾದರೆ ಸುಮಾರು ಆರು ಪಾಲು ಬೇಕು. ಶ್ರುತಿ ಒಂಚೂರು ತಗ್ಗಿದೆ ಅನಿಸಬಹುದು, ಹಾಡು ಹಾಡೇ. ಯಂತ್ರಕ್ಕೆ ಹಾಗಲ್ಲ. ಟೆಲಿಫೋನಿನ ಧ್ವನಿಯಂತೆ ಸೆಕೆಂಡಿಗೆ 8000 ಸಲ ಅಳೆದು, 1024 ಅಳತೆಗಳನ್ನು ಒಟ್ಟಿಗೆ ಪರಿಶೀಲಿಸಿದರೆ ಒಂದು ಪಟ್ಟಿಯ ಅಗಲ ಸುಮಾರು 8 ಹರ್ಟ್ಸ್. 1000 ಹರ್ಟ್ಸ್‌ನಲ್ಲಿರಬೇಕಾದ ಚುಕ್ಕೆ ಸಡಿಲ ಬೆಲ್ಟಿನಿಂದ 960ಕ್ಕೆ ಇಳಿದರೆ ಐದು ಪಟ್ಟಿ ಆಚೆ ಹೋಗಿ ಕೂತಂತಾಯಿತು. ಜೋಡಿಯ ಎರಡು ಆವೃತ್ತಿಗಳೂ ತಪ್ಪು, ನಡುವಿನ ಸಮಯವೂ ತಪ್ಪು. ಹೋಟೆಲಿನ ಗದ್ದಲ ಕೆಲವು ಚುಕ್ಕೆಗಳನ್ನು ಮುಚ್ಚಿತ್ತು, ಉಳಿದವು ತಮ್ಮ ಜಾಗದಲ್ಲೇ ಇದ್ದವು. ನಿಶ್ಶಬ್ದ ಕೋಣೆಯಲ್ಲಿ ಎಲ್ಲ ಚುಕ್ಕೆಗಳೂ ಇದ್ದವು, ಆದರೆ ತಮ್ಮ ಜಾಗದಲ್ಲಿ ಇದ್ದದ್ದು ತೀರ ಕಡಿಮೆ. ಡಿಜೆಗಳು ಹಾಡಿನ ವೇಗ ಏರಿಸಿದಾಗ ಗುರುತು ಸಿಗದಿರುವುದೂ ಇದೇ ಕಾರಣಕ್ಕೆ.

ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಯೊರೆನ್ ಸಿಕ್ಸ್ ಮತ್ತು ಮಾರ್ಕ್ ಲೆಮನ್ 2014ರಲ್ಲಿ ಪನಾಕೊ ಎಂಬ ವ್ಯವಸ್ಥೆಯಲ್ಲಿ ಇದಕ್ಕೆ ಪರಿಹಾರ ಕೊಟ್ಟರು. ಅವರು ಎರಡರ ಬದಲು ಮೂರು ಚುಕ್ಕೆಗಳನ್ನು ಕಟ್ಟಿದರು. ಟೇಪು ನಿಧಾನವಾದರೆ ಮೂರು ಚುಕ್ಕೆಗಳ ನಡುವಿನ ಎರಡು ಅಂತರಗಳೂ ಹಿಗ್ಗುತ್ತವೆ, ಆದರೆ ಒಂದು ಇನ್ನೊಂದರ ಎಷ್ಟು ಪಾಲು ಎಂಬುದು ಬದಲಾಗುವುದಿಲ್ಲ. ಆ ಪಾಲನ್ನೇ ಅವರು ಗುರುತಿಗೆ ಬಳಸಿದರು.

ನಾನು ಅಷ್ಟು ದೂರ ಹೋಗಬೇಕಾಗಲಿಲ್ಲ. ಕ್ಯಾಸೆಟ್ಟಿನ ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ವೇಗವನ್ನು ನೂರಕ್ಕೆ 4.2ರಷ್ಟು ಏರಿಸಿದೆ. ಅಲ್ಲಿ ಶ್ರುತಿಯನ್ನು ಹಾಗೇ ಬಿಟ್ಟು ವೇಗ ಮಾತ್ರ ಬದಲಿಸುವ ಆಯ್ಕೆಯೂ ಇದೆ, ಅದನ್ನು ಬಳಸಿದರೆ ಪ್ರಯೋಜನವಿಲ್ಲ. ಎರಡೂ ಒಟ್ಟಿಗೆ ಏರಬೇಕು. ಸರಿಪಡಿಸಿದ ಹಾಡನ್ನು ಫೋನಿಗೆ ಕೇಳಿಸಿದಾಗ ಮೊದಲ ಪ್ರಯತ್ನದಲ್ಲೇ ಹೆಸರು ಬಂತು.

ಅದೇ ಪೆಟ್ಟಿಗೆಯಲ್ಲಿ ಅಜ್ಜಿ ಹಾಡಿದ ಹಸೆ ಹಾಡಿನ ಕ್ಯಾಸೆಟ್ಟೂ ಇತ್ತು. ಅದರ ಗೆರೆ ಯಾವ ಸೂಚಿಯಲ್ಲೂ ಇಲ್ಲ, ಬೆಲ್ಟು ಬದಲಿಸಿದರೂ ಸಿಗುವುದಿಲ್ಲ. ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ಟಿದ್ದರೆ, ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂದು ಗೊತ್ತಿರುವವರನ್ನು ಕೇಳಿ ಡಬ್ಬಿಯ ಮೇಲೆ ಈಗಲೇ ಬರೆದಿಡಿ.