ಹೀಟರಿನ ರಿಲೇ ಟಕಟಕ ಎನ್ನದಿರಲು

ಅಕ್ವೇರಿಯಂ ಹೀಟರಿಗೆ 25 ಡಿಗ್ರಿ ಎಂಬ ಒಂದೇ ಗಡಿಯನ್ನು ಕೊಟ್ಟರೆ, ನೀರು ಆ ಗಡಿ ಮುಟ್ಟಿದ ಕೂಡಲೇ ರಿಲೇ ಟಕಟಕ ಎನ್ನತೊಡಗುತ್ತದೆ. ಹವ್ಯಾಸಿಗಳು ಹೆಚ್ಚಾಗಿ ಬಳಸುವ ಡಿಎಸ್18ಬಿ20 ಸೆನ್ಸರ್ 0.0625 ಡಿಗ್ರಿಯಷ್ಟು ಸಣ್ಣ ವ್ಯತ್ಯಾಸವನ್ನೂ ಗುರುತಿಸುತ್ತದೆ. ಪಂಪು ಕಲಕಿದ ನೀರಿನಲ್ಲಿ ಅಷ್ಟು ಏರಿಳಿತ ಸದಾ ಇದ್ದದ್ದೇ. ಪ್ರತಿ ಏರಿಳಿತಕ್ಕೂ ಹೀಟರ್ ಹೊತ್ತಿ ಆರುತ್ತದೆ.

ಇದಕ್ಕೆ ಹಳೆಯ ಮದ್ದು ಹಿಸ್ಟೆರಿಸಿಸ್. ಒಂದು ಗಡಿಯ ಬದಲು ಎರಡು: 25ಕ್ಕೆ ಇಳಿದಾಗ ಹೊತ್ತಬೇಕು, 25.5ಕ್ಕೆ ಏರಿದಾಗ ಆರಬೇಕು, ನಡುವೆ ಇದ್ದಷ್ಟು ಹೊತ್ತು ಮೊದಲಿದ್ದ ಸ್ಥಿತಿಯೇ ಮುಂದುವರಿಯಬೇಕು. 100 ಲೀಟರ್ ನೀರು, 100 ವಾಟ್ ಹೀಟರ್ ಎಂದುಕೊಳ್ಳೋಣ. ತೊಟ್ಟಿಯಿಂದ ಕೋಣೆಗೆ 50 ವಾಟ್ ಶಾಖ ಸೋರಿಹೋಗುತ್ತಿದ್ದರೆ ನೀರಿಗೆ ದಕ್ಕುವುದು ಉಳಿದ 50 ವಾಟ್ ಮಾತ್ರ. ಅರ್ಧ ಡಿಗ್ರಿ ಏರಲು ಸುಮಾರು 70 ನಿಮಿಷ ಬೇಕು, ಇಳಿಯಲೂ ಅಷ್ಟೇ. ದಿನಕ್ಕೆ ಹತ್ತೇ ಸುತ್ತು. ಸಾಮಾನ್ಯ ರಿಲೇ ಪೂರ್ಣ ಭಾರದಲ್ಲಿ ಸುಮಾರು 1,00,000 ಬಾರಿ ಬಾಳುತ್ತದೆ ಎಂದು ಹಿಡಿದರೂ ಇದು 27 ವರ್ಷದ ಲೆಕ್ಕ.

ಪಿಐಡಿಯ ದಾರಿ ಬೇರೆ. ಗುರಿಯಿಂದ ನೀರು ಎಷ್ಟು ದೂರವಿದೆ, ಆ ಕೊರತೆ ಎಷ್ಟು ಹೊತ್ತಿನಿಂದ ಉಳಿದಿದೆ, ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬ ಮೂರನ್ನೂ ಕೂಡಿಸಿ, ಹೀಟರಿಗೆ ಶೇಕಡಾ ಎಷ್ಟು ಶಕ್ತಿ ಬೇಕೆಂದು ಅದು ಹೇಳುತ್ತದೆ. ರಿಲೇಗೋ ಶೇಕಡಾ 50 ಎಂಬುದು ಅರ್ಥವಾಗದು. ಅದಕ್ಕೆ ಗೊತ್ತಿರುವುದು ಆನ್ ಮತ್ತು ಆಫ್ ಮಾತ್ರ. ಹಾಗಾಗಿ ಸಮಯವನ್ನೇ ತುಂಡು ಮಾಡಬೇಕು: ಹತ್ತು ನಿಮಿಷದ ಅವಧಿಯಲ್ಲಿ ಐದು ನಿಮಿಷ ಆನ್, ಐದು ನಿಮಿಷ ಆಫ್.

ಎಡವಟ್ಟಾಗುವುದು ಇಲ್ಲಿಯೇ. ಆರ್ಡುಯಿನೊದ ಜನಪ್ರಿಯ ಪಿಐಡಿ ಲೈಬ್ರರಿಯ ರಿಲೇ ಮಾದರಿಯಲ್ಲಿ ಈ ಅವಧಿ ಐದೇ ಸೆಕೆಂಡು. ಅದನ್ನು ಹಾಗೇ ನಕಲು ಮಾಡಿದರೆ 1,00,000 ಸುತ್ತು ಆರು ದಿನದೊಳಗೆ ಮುಗಿಯುತ್ತವೆ. 100 ವಾಟ್ ಹಗುರ ಭಾರವಾದ್ದರಿಂದ ರಿಲೇ ಇನ್ನಷ್ಟು ದಿನ ತಾಳಬಹುದು, ಆದರೆ ವರ್ಷಗಟ್ಟಲೆ ಅಲ್ಲ. ಅವಧಿಯನ್ನು ಹತ್ತು ನಿಮಿಷಕ್ಕೆ ಹಿಗ್ಗಿಸಿದರೂ ಆಯಸ್ಸು ಎರಡು ವರ್ಷದ ಒಳಗೇ. ಸಾಲಿಡ್ ಸ್ಟೇಟ್ ರಿಲೇಯಲ್ಲಿ ಸವೆಯುವ ಸಂಪರ್ಕಗಳಿಲ್ಲದ ಕಾರಣ ಅಲ್ಲಿ ಸಣ್ಣ ಅವಧಿ ಸರಿಹೋಗುತ್ತದೆ.

ಕೋಣೆಯಲ್ಲಿ ಎಣ್ಣೆ ತುಂಬಿದ ಹೀಟರ್ ಇದ್ದರೆ ಪಿಐಡಿಗೆ ಸ್ವಲ್ಪ ಅರ್ಥವಿದೆ. ಸ್ವಿಚ್ ಆರಿದ ಮೇಲೂ ಬಿಸಿ ಎಣ್ಣೆ ಶಾಖ ಬಿಡುತ್ತಲೇ ಇರುವುದರಿಂದ ಹಿಸ್ಟೆರಿಸಿಸ್ ಮೇಲಿನ ಗಡಿಯನ್ನು ದಾಟಿಬಿಡುತ್ತದೆ. ಗುರಿ ಹತ್ತಿರವಾಗುತ್ತಿದ್ದಂತೆ ಪಿಐಡಿ ಶಕ್ತಿಯನ್ನು ಮೊದಲೇ ತಗ್ಗಿಸಬಲ್ಲದು. ಮೀನಿನ ತೊಟ್ಟಿಗೆ ಆ ಸೂಕ್ಷ್ಮತೆ ಬೇಕಿಲ್ಲ, ಅರ್ಧ ಡಿಗ್ರಿಯ ನಿಧಾನ ಏರಿಳಿತವನ್ನು ಮೀನು ಸಹಿಸುತ್ತದೆ. ಎರಡು ಗಡಿಯ ಜೊತೆಗೆ, ಒಮ್ಮೆ ಆರಿದ ಮೇಲೆ ಕನಿಷ್ಠ ಐದು ನಿಮಿಷ ಮತ್ತೆ ಹೊತ್ತಬಾರದು ಎಂಬ ನಿಯಮವಿದ್ದರೆ ಸಾಕು.

ಎರಡೂ ಬಗೆಯ ರಿಲೇಗಳು ಕೆಟ್ಟಾಗ ಆನ್ ಸ್ಥಿತಿಯಲ್ಲೇ ಸಿಕ್ಕಿಬೀಳಬಹುದು, ಆಗ ಯಾವ ಸೂತ್ರವೂ ಕೆಲಸಕ್ಕೆ ಬಾರದು. ಹೀಟರಿನ ಒಳಗಿನ ಥರ್ಮೋಸ್ಟಾಟನ್ನು ತೆಗೆಯದೆ 27 ಡಿಗ್ರಿಗೆ ಇಟ್ಟು ಕಾವಲಿಗೆ ಬಿಡಿ.